ಅಪ್ಪನ ಕಾರು, ಅಪ್ಪನ ಬೋನಸ್: ಮಾಲೀಕರು ತೀರಿಕೊಂಡ ಮೇಲೆ ವಾಹನ ವಿಮೆ ಏನಾಗುತ್ತದೆ?

ಮನೆಯ ಹಿರಿಯರು ತೀರಿಕೊಂಡಿರುತ್ತಾರೆ. ಅವರ ಫೋನನ್ನು ಯಾರೋ ಚಾರ್ಜ್ ಮಾಡಿ ಇಟ್ಟಿರುತ್ತಾರೆ. ಒಂದು ದಿನ ಅದಕ್ಕೆ ಮೆಸೇಜ್ ಬರುತ್ತದೆ: ನಿಮ್ಮ ಕಾರಿನ ಪಾಲಿಸಿ ಮುಗಿಯುತ್ತಿದೆ, 50 ಶೇಕಡಾ ನೋ ಕ್ಲೇಮ್ ಬೋನಸ್ ಉಳಿಸಿಕೊಳ್ಳಲು ಕೂಡಲೇ ನವೀಕರಿಸಿ. ಮಗನೋ ಮಗಳೋ ಆ ಲಿಂಕ್ ಒತ್ತುತ್ತಾರೆ. ಹೆಸರು, ಗಾಡಿ ನಂಬರ್, ಬೋನಸ್ ಎಲ್ಲ ಮೊದಲೇ ತುಂಬಿರುತ್ತದೆ. ದುಡ್ಡು ಕಟ್ಟಿದರೆ ಎರಡು ನಿಮಿಷದಲ್ಲಿ ಹೊಸ ಪಾಲಿಸಿ ಬರುತ್ತದೆ. ಒಂದು ಕೆಲಸ ಮುಗಿಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ.

ಆದರೆ ಆ ಪಾಲಿಸಿ ಬದುಕಿಲ್ಲದ ವ್ಯಕ್ತಿಯ ಹೆಸರಿನಲ್ಲಿದೆ. ವಿಮೆ ಅಂದರೆ ಇಬ್ಬರ ನಡುವಿನ ಒಪ್ಪಂದ. ಅದು ಶುರುವಾದ ದಿನ ಒಬ್ಬರು ಇರಲೇ ಇಲ್ಲ. ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ, ಹಾಗಾಗಿ ಅದು ಯಾರನ್ನೂ ತಡೆಯುವುದಿಲ್ಲ. ಗೊತ್ತಾಗುವುದು ಗಾಡಿ ಗುದ್ದಿಕೊಂಡ ಮೇಲೆ. ಕ್ಲೇಮ್ ಅರ್ಜಿಗೆ ಯಾರ ಸಹಿ ಎಂದು ಕೇಳಿದಾಗ ಮರಣ ಪ್ರಮಾಣಪತ್ರ ಹೊರಗೆ ಬರುತ್ತದೆ. ಅದರ ಮೇಲಿನ ದಿನಾಂಕ ಪಾಲಿಸಿ ಶುರುವಾದ ದಿನಕ್ಕಿಂತ ಹಿಂದಿನದು. ಅಲ್ಲಿಗೆ ಗಾಡಿ ರಿಪೇರಿಯ ಕ್ಲೇಮ್ ಬಹುತೇಕ ಮುಗಿದ ಹಾಗೆಯೇ.

ಇದರಲ್ಲಿ ನನಗೆ ತುಂಬ ಬೇಸರ ತರುವ ವಿಷಯ ಇನ್ನೊಂದಿದೆ. ಎಷ್ಟೋ ಮನೆಗಳಲ್ಲಿ ಹೀಗೆ ಹಳೆಯ ಹೆಸರಿನಲ್ಲೇ ಮುಂದುವರಿಸುವುದು ಬೋನಸ್ ಹೋಗಿಬಿಡುತ್ತದೆ ಎಂಬ ಭಯಕ್ಕೆ. ಹೆಸರು ಬದಲಾಯಿಸಿದರೆ ಬೋನಸ್ ಸೊನ್ನೆಯಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಗಾಡಿ ಮಾರಿದಾಗ ಅದು ನಿಜ. ಸಾವಿನ ವಿಷಯದಲ್ಲಿ ನಿಯಮ ಬೇರೆಯೇ ಇದೆ, ಅದೂ ಕುಟುಂಬದ ಪರವಾಗಿ.

ಬೋನಸ್ ಗಾಡಿಯದ್ದಲ್ಲ, ಮನುಷ್ಯರದ್ದು

ನೋ ಕ್ಲೇಮ್ ಬೋನಸ್, ಅಂದರೆ ಎನ್‌ಸಿಬಿ, ಕ್ಲೇಮ್ ಮಾಡದೆ ವರ್ಷ ಕಳೆದವರಿಗೆ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20 ಶೇಕಡಾ. ಎರಡು ವರ್ಷಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಇದು ಪ್ರೀಮಿಯಂನ ಒಂದು ಭಾಗಕ್ಕೆ ಮಾತ್ರ ಸಿಗುತ್ತದೆ. ನಮ್ಮ ಗಾಡಿಗೇ ಆಗುವ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಭಾಗ ಅದು. ಬೇರೆಯವರಿಗೆ ಆಗುವ ಹಾನಿಗೆ ಕಟ್ಟುವ ಥರ್ಡ್ ಪಾರ್ಟಿ ಭಾಗಕ್ಕೆ ಬೋನಸ್ ಇಲ್ಲ. ಹಾಗಾಗಿ ಬರೀ ಥರ್ಡ್ ಪಾರ್ಟಿ ವಿಮೆ ಇರುವ ಹಳೆಯ ಸ್ಕೂಟರ್‌ನ ವಿಷಯದಲ್ಲಿ ಬೋನಸ್ ಚಿಂತೆಯೇ ಬೇಡ.

ಈ ಬೋನಸ್ಸಿನ ಮೂಲ ನಿಯಮಗಳು ಇಂಡಿಯಾ ಮೋಟಾರ್ ಟ್ಯಾರಿಫ್ ಎಂಬ ನಿಯಮಪುಸ್ತಕದಲ್ಲಿವೆ. ಅದು 2002ರದ್ದು. ಆಮೇಲೆ ಓನ್ ಡ್ಯಾಮೇಜ್ ದರ ಇಡುವ ಸ್ವಾತಂತ್ರ್ಯ ಕಂಪನಿಗಳಿಗೆ ಸಿಕ್ಕಿತು. ಆದರೂ ಬೋನಸ್ಸಿನ ಲೆಕ್ಕ ಆ ನಿಯಮಗಳ ದಾರಿಯಲ್ಲೇ ನಡೆದು ಬಂದಿದೆ. ಅದರ 27ನೇ ಸಾಮಾನ್ಯ ನಿಯಮ ಹೇಳುವುದು ಇಷ್ಟು: ಬೋನಸ್ಸಿನ ಹಕ್ಕು ವಿಮೆ ಮಾಡಿಸಿದ ವ್ಯಕ್ತಿಯ ಹಿಂದೆ ಹೋಗುತ್ತದೆ, ಗಾಡಿಯ ಹಿಂದಾಗಲಿ ಪಾಲಿಸಿಯ ಹಿಂದಾಗಲಿ ಹೋಗುವುದಿಲ್ಲ. ನೀವು ಕಾರು ಮಾರಿದರೆ ನಿಮ್ಮ 50 ಶೇಕಡಾ ನಿಮ್ಮ ಹತ್ತಿರವೇ ಉಳಿಯುತ್ತದೆ. ಅದನ್ನು ಮುಂದೆ ಕೊಳ್ಳುವ ಅದೇ ವರ್ಗದ ಗಾಡಿಗೆ ಬಳಸಬಹುದು. ನಿಮ್ಮ ಕಾರು ಕೊಂಡವರು ತಮ್ಮ ಲೆಕ್ಕವನ್ನು ತಾವೇ ಶುರು ಮಾಡಬೇಕು.

ಸಾವು ಬಂದಾಗ ಈ ನಿಯಮ ಹಾಗೇ ಅನ್ವಯಿಸಿದ್ದರೆ ಬೋನಸ್ ಆ ವ್ಯಕ್ತಿಯ ಜೊತೆಗೇ ಹೋಗಬೇಕಿತ್ತು. ಅದಕ್ಕೇ ಅಲ್ಲಿ ಒಂದು ವಿನಾಯಿತಿ ಬರೆದಿದ್ದಾರೆ. ವಿಮೆ ಮಾಡಿಸಿದವರು ಒಬ್ಬ ವ್ಯಕ್ತಿಯಾಗಿದ್ದು, ಅವರ ಸಾವಿನ ನಂತರ ಗಾಡಿ ಅವರ ಗಂಡ ಅಥವಾ ಹೆಂಡತಿಯ, ಮಕ್ಕಳ, ಇಲ್ಲವೇ ತಂದೆ ತಾಯಿಯ ವಶಕ್ಕೆ ಮತ್ತು ಬಳಕೆಗೆ ಬಂದರೆ, ಅವರಿಗಿದ್ದ ಬೋನಸ್ ಪೂರ್ತಿಯಾಗಿ ಆ ವ್ಯಕ್ತಿಗೆ ದಾಟುತ್ತದೆ. 50 ಇದ್ದರೆ 50. ಕಡಿತ ಇಲ್ಲ.

ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಸಂಗಾತಿ, ಮಕ್ಕಳು, ತಂದೆ ತಾಯಿ. ಅಷ್ಟೇ. ಅಣ್ಣ ತಮ್ಮ ಇಲ್ಲ, ಅಕ್ಕ ತಂಗಿ ಇಲ್ಲ. ಸೊಸೆ, ಅಳಿಯ, ಮೊಮ್ಮಕ್ಕಳು ಇಲ್ಲ. ಮದುವೆಯಾಗದ ಅಣ್ಣನ ಕಾರು ಕಾನೂನಿನ ಪ್ರಕಾರ ತಮ್ಮನಿಗೆ ಬರಬಹುದು. ಕಾರು ಬರುತ್ತದೆ, ಬೋನಸ್ ಬರುವುದಿಲ್ಲ. ವಾರಸುದಾರಿಕೆ ಬೇರೆ, ಬೋನಸ್ಸಿನ ಹಕ್ಕು ಬೇರೆ. ಕಾರು ಅಪ್ಪನ ಹೆಸರಿನ ಬದಲು ಅವರ ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೂ ಈ ವಿನಾಯಿತಿ ಸಿಗದು. ಯಾಕೆಂದರೆ ವಿಮೆ ಮಾಡಿಸಿದ್ದು ಒಬ್ಬ ವ್ಯಕ್ತಿ ಅಲ್ಲ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ. ಇದು ಗೊತ್ತಿಲ್ಲದೆ ತುಂಬ ಮನೆಯವರು ಎಡವುತ್ತಾರೆ. ಅಪ್ಪ ಹೋದ ಮೇಲೆ ಸದ್ಯಕ್ಕೆ ಅಮ್ಮನ ಹೆಸರಿಗೆ ಮಾಡಿಸೋಣ, ಆಮೇಲೆ ನಿಧಾನವಾಗಿ ಮಗನ ಹೆಸರಿಗೆ ಮಾಡಿಸಿದರಾಯಿತು ಎನ್ನುತ್ತಾರೆ. ಮನಸ್ಸಿನ ದೃಷ್ಟಿಯಿಂದ ಇದು ಸರಿ ಅನಿಸುತ್ತದೆ. ಆದರೆ ಅಪ್ಪನಿಂದ ಅಮ್ಮನಿಗೆ ಬಂದದ್ದು ಸಾವಿನ ಮೂಲಕ, ಹಾಗಾಗಿ ಬೋನಸ್ ದಾಟಿತು. ಅಮ್ಮನಿಂದ ಮಗನಿಗೆ ಬರುವುದು ಅಮ್ಮ ಬದುಕಿರುವಾಗ. ಅದು ಮಾಮೂಲಿ ವರ್ಗಾವಣೆ. ಆಗ ಬೋನಸ್ ಅಮ್ಮನ ಹತ್ತಿರ ಉಳಿಯುತ್ತದೆ, ಮಗನಿಗೆ ಸೊನ್ನೆಯಿಂದ ಶುರು. ಕೊನೆಗೆ ಗಾಡಿ ಓಡಿಸುವವರು ಮಗನೋ ಮಗಳೋ ಆಗಿದ್ದರೆ ಮೊದಲ ಸಲವೇ ನೇರವಾಗಿ ಅವರ ಹೆಸರಿಗೆ ತರುವುದು ಒಳ್ಳೆಯದು. ಕಾರನ್ನು ಜಾಸ್ತಿ ಓಡಿಸುವುದು ಸೊಸೆಯಾದರೆ ಅದನ್ನು ಮಗನ ಹೆಸರಿಗೆ ತಂದು ಸೊಸೆ ಓಡಿಸಬಹುದು. ಲೈಸೆನ್ಸ್ ಇರುವ ಯಾರೇ ಮಾಲೀಕರ ಒಪ್ಪಿಗೆಯಿಂದ ಓಡಿಸಿದರೂ ಕಾರಿನ ವಿಮೆಗೆ ತೊಂದರೆ ಇಲ್ಲ.

ಎಷ್ಟು ದುಡ್ಡಿನ ಮಾತು ಇದು?

ಒಂದು ಲೆಕ್ಕ ಹಾಕೋಣ. ಕಾರಿನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ ಕಳೆಯುವ ಮೊದಲು ವರ್ಷಕ್ಕೆ 9,000 ರೂಪಾಯಿ ಎಂದುಕೊಳ್ಳಿ. 50 ಶೇಕಡಾ ಬೋನಸ್ ಇದ್ದರೆ ಕಟ್ಟುವುದು 4,500. ಬೋನಸ್ ಹೋಯಿತು ಎಂದರೆ ಈ ವರ್ಷದ ನಷ್ಟ 4,500. ಆದರೆ ನಷ್ಟ ಒಂದು ವರ್ಷಕ್ಕೆ ನಿಲ್ಲುವುದಿಲ್ಲ. ಮತ್ತೆ ಮೆಟ್ಟಿಲು ಹತ್ತಿ 50ಕ್ಕೆ ಬರಲು ಐದು ವರ್ಷ ಬೇಕು. ಮುಂದಿನ ವರ್ಷ 20 ಮಾತ್ರ ಸಿಗುತ್ತದೆ, ಅಂದರೆ 30 ಶೇಕಡಾ ಕಡಿಮೆ. ಅದರ ಮುಂದೆ 25, ಆಮೇಲೆ 15, ಆಮೇಲೆ 5 ಕಡಿಮೆ. ಎಲ್ಲ ಕೂಡಿಸಿದರೆ 50, 30, 25, 15, 5, ಒಟ್ಟು 125 ಶೇಕಡಾ. ಪ್ರೀಮಿಯಂ ಬದಲಾಗದೆ ಇದ್ದರೆ 9,000ದ ಮೇಲೆ 11,250 ರೂಪಾಯಿ, ತೆರಿಗೆ ಬೇರೆ. ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿಯುವುದರಿಂದ ಈ ಮೊತ್ತ ಸ್ವಲ್ಪ ಕಡಿಮೆ ಆಗಬಹುದು. ನಡುವೆ ಒಂದು ಕ್ಲೇಮ್ ಆದರೆ ಜಾಸ್ತಿಯೂ ಆಗುತ್ತದೆ.

ಹನ್ನೊಂದು ಸಾವಿರ ಸಣ್ಣ ಮೊತ್ತವಲ್ಲ. ಹಾಗಂತ ಅದನ್ನು ಉಳಿಸಲು ತಪ್ಪು ಹೆಸರಿನ ಪಾಲಿಸಿ ಇಟ್ಟುಕೊಳ್ಳುವುದು ಲಕ್ಷಗಟ್ಟಲೆ ಹಣವನ್ನು ಪಣಕ್ಕಿಟ್ಟ ಹಾಗೆ. ಅದರಲ್ಲೂ ಬೋನಸ್ ನ್ಯಾಯವಾಗಿಯೇ ಸಿಗುವಾಗ ಆ ಅಪಾಯ ಯಾಕೆ ಬೇಕು?

ಮೂರು ತಿಂಗಳು, ಆದರೆ ಯಾವಾಗಲೂ ಮೂರು ತಿಂಗಳಲ್ಲ

ಮಾಲೀಕರು ತೀರಿಕೊಂಡ ಕೂಡಲೇ ಪಾಲಿಸಿ ಸತ್ತುಹೋಗುವುದಿಲ್ಲ. ಓನ್ ಡ್ಯಾಮೇಜ್ ಮತ್ತು ಥರ್ಡ್ ಪಾರ್ಟಿ ಎರಡೂ ಸೇರಿರುವ, ಕಾರು ಮತ್ತು ಬೈಕ್‌ಗಳ ಮಾಮೂಲಿ ಪ್ಯಾಕೇಜ್ ಪಾಲಿಸಿಯ ಕೊನೆಯ ಷರತ್ತುಗಳಲ್ಲಿ ಇದನ್ನು ಬರೆದಿರುತ್ತಾರೆ. ವಿಮೆ ಮಾಡಿಸಿದ ಒಬ್ಬರೇ ವ್ಯಕ್ತಿ ತೀರಿಕೊಂಡರೆ ಪಾಲಿಸಿ ಸಾವಿನ ದಿನದಿಂದ ಮೂರು ತಿಂಗಳು, ಇಲ್ಲವೇ ಪಾಲಿಸಿಯ ಅವಧಿ ಮುಗಿಯುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆ ಅವಧಿಯೊಳಗೆ ವಾರಸುದಾರರು ಅರ್ಜಿ ಕೊಟ್ಟು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು ಅಥವಾ ಹೊಸ ಪಾಲಿಸಿ ತೆಗೆದುಕೊಳ್ಳಬೇಕು. ಅರ್ಜಿಯ ಜೊತೆ ಮೂರು ಕಾಗದ ಕೇಳುತ್ತಾರೆ: ಮರಣ ಪ್ರಮಾಣಪತ್ರ, ಗಾಡಿ ತಮ್ಮದು ಎನ್ನುವುದಕ್ಕೆ ದಾಖಲೆ, ಮೂಲ ಪಾಲಿಸಿ.

'ಯಾವುದು ಮೊದಲೋ' ಎನ್ನುವ ಎರಡು ಪದಗಳು ಎರಡು ಕಡೆಯಿಂದ ಕುಟುಂಬವನ್ನು ಸಿಕ್ಕಿಸುತ್ತವೆ.

ಒಂದು ಕಡೆ, ಸಾವು ಏಪ್ರಿಲ್‌ನಲ್ಲಿ ಆಗಿದೆ, ಪಾಲಿಸಿಯ ಮೇಲೆ ಜನವರಿವರೆಗೆ ಎಂದು ಅಚ್ಚಾಗಿದೆ. ಮನೆಯವರು ಜನವರಿವರೆಗೆ ಚಿಂತೆಯಿಲ್ಲ ಎಂದುಕೊಳ್ಳುತ್ತಾರೆ. ಷರತ್ತಿನ ಪ್ರಕಾರ ಜುಲೈಗೆ ಅದರ ಕಥೆ ಮುಗಿದಿದೆ. ಸೆಪ್ಟೆಂಬರ್‌ನಲ್ಲಿ ಕಾರು ಗೋಡೆಗೆ ಗುದ್ದಿ ರಿಪೇರಿಗೆ ಒಂದೂವರೆ ಲಕ್ಷ ಆಯಿತು ಎಂದರೆ, ಪಾಲಿಸಿಯಲ್ಲಿ ಇನ್ನೂ ನಾಲ್ಕು ತಿಂಗಳು ಕಾಣಿಸುತ್ತಿದ್ದರೂ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಹೊಸ ಬೈಕ್‌ಗಳಲ್ಲಿ ಈ ಭ್ರಮೆ ಇನ್ನೂ ಜಾಸ್ತಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್‌ಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಐದು ವರ್ಷದ ಇನ್ಶೂರೆನ್ಸ್ ಇದೆ ಎಂದು ಸುಮ್ನೆ ಇದ್ದುಬಿಡುತ್ತಾರೆ. ಓನ್ ಡ್ಯಾಮೇಜ್ ಭಾಗ ಬೇರೆ ಪಾಲಿಸಿಯಾಗಿದ್ದರೆ, ಎರಡಕ್ಕೂ ಹೆಸರು ಬದಲಾಗಬೇಕು.

ಇನ್ನೊಂದು ಕಡೆ ಇದಕ್ಕೆ ತಿರುಗುಮುರುಗು. ಇದನ್ನು ಒಂದು ಮನೆಯ ಉದಾಹರಣೆಯಿಂದ ಹೇಳುತ್ತೇನೆ. ದಿನಾಂಕಗಳಿಲ್ಲದೆ ಇದು ಅರ್ಥವಾಗುವುದು ಕಷ್ಟ.

ತಂದೆ ಫೆಬ್ರವರಿ 20ರಂದು ತೀರಿಕೊಂಡರು. ಮನೆಯಲ್ಲಿ ತಾಯಿ, ಒಬ್ಬ ಮಗ, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳು. ಕಾರಿನ ಪಾಲಿಸಿ ಏಪ್ರಿಲ್ 5ರ ಮಧ್ಯರಾತ್ರಿಗೆ ಮುಗಿಯುತ್ತದೆ. ಬೋನಸ್ 50 ಶೇಕಡಾ. ಮೂರು ತಿಂಗಳ ಲೆಕ್ಕ ಹಾಕಿದರೆ ಮೇ 20ರವರೆಗೆ ಸಮಯ ಇದೆ ಅನಿಸುತ್ತದೆ. ಆದರೆ ಪಾಲಿಸಿ ಅದಕ್ಕಿಂತ ಮೊದಲೇ ಮುಗಿಯುವುದರಿಂದ ವಿಮೆಯ ರಕ್ಷಣೆ ಏಪ್ರಿಲ್ 5ಕ್ಕೇ ನಿಲ್ಲುತ್ತದೆ. ನಿಜವಾಗಿ ಸಿಕ್ಕಿದ್ದು ಆರು ವಾರಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಎರಡು ವಾರ ಉತ್ತರಕ್ರಿಯೆಯಲ್ಲೇ ಕಳೆದಿರುತ್ತದೆ.

ಈ ನಡುವೆ ಆರ್‌ಟಿಒ ಕಡೆಯ ಗಡುವು ಬೇರೆ ಓಡುತ್ತಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮದ ಪ್ರಕಾರ, ಗಾಡಿ ಯಾರ ವಶಕ್ಕೆ ಬಂದಿದೆಯೋ ಅವರು, ಮಾಲೀಕರು ತೀರಿಕೊಂಡ 30 ದಿನದೊಳಗೆ ಸಾವಿನ ವಿಷಯವನ್ನೂ, ಗಾಡಿಯನ್ನು ತಾವು ಬಳಸುವ ಉದ್ದೇಶವನ್ನೂ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಹಾಗೆ ತಿಳಿಸಿದವರು ಮೂರು ತಿಂಗಳು ಗಾಡಿಯನ್ನು ತಮ್ಮದರಂತೆ ಬಳಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಹಾಕಿ ಆರ್‌ಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ನಮ್ಮ ಉದಾಹರಣೆಯಲ್ಲಿ ಪತ್ರ ಕೊಡಲು ಮಾರ್ಚ್ 22, ಅರ್ಜಿಗೆ ಮೇ 20. ಈ 30 ದಿನದ ಪತ್ರ ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ. ಒಂದು ಹಾಳೆಯ ಪತ್ರ, ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ, ಸ್ವೀಕೃತಿಯ ಮುದ್ರೆ. ಇಷ್ಟಿದ್ದರೆ ಮುಂದೆ ಗಾಡಿಯನ್ನು ಯಾವ ಹಕ್ಕಿನಿಂದ ಓಡಿಸುತ್ತಿದ್ದಿರಿ ಎಂದು ಯಾರಾದರೂ ಕೇಳಿದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಆ ಮನೆಯವರು ಮೊದಲು ಕೂತು ತೀರ್ಮಾನಿಸಬೇಕಾದ್ದು ಗಾಡಿ ಯಾರಿಗೆ ಎಂಬುದನ್ನು. ಓಡಿಸುವವನು ಮಗ. ಹಾಗಾಗಿ ತಾಯಿ ಮತ್ತು ಮಗಳು ತಮ್ಮ ಒಪ್ಪಿಗೆಯನ್ನು ಅಫಿಡವಿಟ್ ರೂಪದಲ್ಲಿ ಬರೆದುಕೊಟ್ಟರು ಎಂದುಕೊಳ್ಳಿ. ಕಾರನ್ನು ಮಗನೇ ಇಟ್ಟುಕೊಂಡು ಬಳಸುತ್ತಾನೆ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿ ಇರಲಿ. ಬೋನಸ್ ನಿಯಮ ಕೇಳುವುದು ಅದನ್ನೇ, ವಶ ಮತ್ತು ಬಳಕೆ. ಇದರ ಜೊತೆ ವಂಶವೃಕ್ಷ ಅಥವಾ ವಾರಸುದಾರರ ಪ್ರಮಾಣಪತ್ರ ಬೇಕು. ಕಾರಿನ ಮೇಲೆ ಸಾಲ ಉಳಿದಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ಅದಕ್ಕೆ ಸಮಯ ಹಿಡಿಯುವುದರಿಂದ ಬ್ಯಾಂಕಿಗೆ ಮೊದಲೇ ಹೋಗಬೇಕು.

ಮಾರ್ಚ್ ಎರಡನೇ ವಾರದಲ್ಲಿ ಮಗ ವಿಮಾ ಕಂಪನಿಗೆ ಬರೆಯುತ್ತಾನೆ. ಇಲ್ಲಿ ಒಂದು ಸುತ್ತು ಶುರುವಾಗುತ್ತದೆ. ನಿಮ್ಮ ಹೆಸರಿನ ಆರ್‌ಸಿ ತನ್ನಿ, ಆಮೇಲೆ ಪಾಲಿಸಿ ಬದಲಾಯಿಸುತ್ತೇವೆ ಎಂದು ಕಂಪನಿಯ ಕೌಂಟರ್‌ನಲ್ಲಿ ಹೇಳುತ್ತಾರೆ. ಆರ್‌ಟಿಒಗೆ ಹೋದರೆ ಚಾಲ್ತಿಯಲ್ಲಿರುವ ವಿಮೆ ತೋರಿಸಿ, ಆಮೇಲೆ ಆರ್‌ಸಿ ಎನ್ನುತ್ತಾರೆ. ದುಃಖದಲ್ಲಿರುವ ಮನೆಯವರು ಈ ಎರಡು ಕಿಟಕಿಗಳ ನಡುವೆ ಓಡಾಡುವುದನ್ನು ನೋಡುವುದೇ ಸಂಕಟ.

ಇದನ್ನು ಬಿಡಿಸುವ ದಾರಿ ಇದೆ. ತಂದೆಯ ಪಾಲಿಸಿ ಏಪ್ರಿಲ್ 5ರವರೆಗೆ ಜೀವಂತ ಇರುವುದರಿಂದ ಆರ್‌ಟಿಒ ಅರ್ಜಿಗೆ ಅದೇ ಚಾಲ್ತಿಯ ವಿಮೆ. ಹಾಗಾಗಿ ಫಾರ್ಮ್ 31ಕ್ಕೆ ಮೇ 20ರವರೆಗೆ ಸಮಯ ಇದ್ದರೂ ಏಪ್ರಿಲ್ 5ರೊಳಗೆ ಅದನ್ನು ಹಾಕಿಬಿಡುವುದೇ ಜಾಣತನ. ಇನ್ನು ಕಂಪನಿಗೆ ಹೇಳಬೇಕಾದ್ದು, ಪಾಲಿಸಿಯ ಷರತ್ತು ಕೇಳುವುದು ಗಾಡಿಯ ಹಕ್ಕಿನ ದಾಖಲೆಯನ್ನು, ಬದಲಾದ ಆರ್‌ಸಿಯನ್ನಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದವರ ಒಪ್ಪಿಗೆ, ಫಾರ್ಮ್ 31 ಹಾಕಿದ ರಸೀದಿ, ಇವನ್ನು ಒಟ್ಟಿಗೆ ಇಟ್ಟು, ಆರ್‌ಸಿ ಬಂದ ಕೂಡಲೇ ಅದರ ಪ್ರತಿ ಕೊಡುತ್ತೇನೆ ಎಂದು ಬರೆದುಕೊಡಬೇಕು. ಎಲ್ಲವೂ ಬರವಣಿಗೆಯಲ್ಲಿ, ಇಮೇಲ್‌ನಲ್ಲಿ ಇರಲಿ. ಅರ್ಜಿ ಗಡುವಿನೊಳಗೆ ಹೋಗಿದೆ ಎಂದು ತೋರಿಸುವ ದಿನಾಂಕ ಮುಂದೆ ತುಂಬ ಕೆಲಸಕ್ಕೆ ಬರುತ್ತದೆ. ಕಂಪನಿಗಳ ನಡೆ ಎಲ್ಲ ಕಡೆ ಒಂದೇ ತರ ಇಲ್ಲ. ಕೆಲವು ಕಡೆ ಇಷ್ಟಕ್ಕೇ ಪಾಲಿಸಿಯಲ್ಲಿ ಹೆಸರು ಬದಲಾಯಿಸಿದ ಪತ್ರ, ಅಂದರೆ ಎಂಡಾರ್ಸ್‌ಮೆಂಟ್ ಕೊಡುತ್ತಾರೆ, ಕೆಲವು ಕಡೆ ಆರ್‌ಸಿಗೇ ಪಟ್ಟು ಹಿಡಿಯುತ್ತಾರೆ. ಏಪ್ರಿಲ್ 5 ದಾಟಿಯೂ ಪಾಲಿಸಿ ಸಿಗದಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಬಾರದು. ಅದರಲ್ಲಿ ರಾಜಿ ಬೇಡ.

ಆದರೆ ಬೋನಸ್ ಏಪ್ರಿಲ್ 5ಕ್ಕೇ ಹೋಗುವುದಿಲ್ಲ. ಪಾಲಿಸಿ ಮುಗಿದ ದಿನದಿಂದ 90 ದಿನದೊಳಗೆ ನವೀಕರಿಸಿದರೆ ಬೋನಸ್ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಜುಲೈ 4. ಈ 90 ದಿನವನ್ನು ಸಾವಿನ ದಿನದಿಂದ ಎಣಿಸುವುದಲ್ಲ, ಪಾಲಿಸಿ ಮುಗಿದ ದಿನದಿಂದ. ಮೇಲಿನ ಮೂರು ತಿಂಗಳು ಸಾವಿನ ದಿನದಿಂದ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದದ ಅವಧಿ ಆದ್ದರಿಂದ ಏಜೆಂಟರೂ ಇವೆರಡನ್ನು ಕಲಸಿಬಿಡುತ್ತಾರೆ. 90 ದಿನದ್ದು ಬೋನಸ್ಸಿನ ಗಡುವು ಮಾತ್ರ. ಆ 90 ದಿನದಲ್ಲಿ ಗಾಡಿಗೆ ವಿಮೆಯ ರಕ್ಷಣೆ ಇರುವುದಿಲ್ಲ. ಹೊಸ ಪಾಲಿಸಿ ಕೊಡುವ ಮೊದಲು ಕಂಪನಿ ಗಾಡಿಯನ್ನು ಪರಿಶೀಲನೆ ಮಾಡುತ್ತದೆ.

ಕೌಂಟರ್‌ನಲ್ಲಿ ಆಗುವ ತಪ್ಪು

ಗಡುವಿನೊಳಗೆ ಎಲ್ಲ ಸರಿಯಾಗಿ ಮಾಡಿದರೂ ಬೋನಸ್ ಕೈಬಿಡುವ ಒಂದು ಜಾಗ ಇದೆ. ಹೆಸರು ಬದಲಾವಣೆಯ ಅರ್ಜಿಗಳಲ್ಲಿ ಮಾರಾಟದವೇ ಜಾಸ್ತಿ. ಹಾಗಾಗಿ ಕೌಂಟರ್‌ನಲ್ಲಿ ಕೂತವರು ಅಭ್ಯಾಸದಿಂದ ನಿಮ್ಮ ಅರ್ಜಿಯನ್ನೂ ಮಾರಾಟದ ವರ್ಗಾವಣೆ ಎಂದೇ ದಾಖಲಿಸುತ್ತಾರೆ. ಮಾರಾಟದಲ್ಲಿ ಹೊಸ ಮಾಲೀಕರಿಗೆ ಬೋನಸ್ ಇಲ್ಲದ್ದರಿಂದ, ಹಿಂದಿನವರಿಗೆ ಕೊಟ್ಟ ರಿಯಾಯಿತಿಯಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ಅದನ್ನು ಎನ್‌ಸಿಬಿ ರಿಕವರಿ ಎನ್ನುತ್ತಾರೆ.

ನಮ್ಮ ಮನೆಯಲ್ಲೇ ಹೀಗಾಗಿತ್ತು. ಅಪ್ಪನ ಗಾಡಿಯ ಪಾಲಿಸಿಯನ್ನು ಅಮ್ಮನ ಹೆಸರಿಗೆ ಮಾಡಿಸಲು ಹೋದಾಗ ರಿಕವರಿ ಎಂದು ಒಂದು ಮೊತ್ತ ಕೇಳಿದರು. ನಿಯಮ ಇರಬೇಕು ಎಂದುಕೊಂಡು ಕಟ್ಟಿ ಬಂದೆವು. ಮುಂದಿನ ವರ್ಷದ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದು ನೋಡಿದಾಗ ಯಾಕೆ ಎಂದು ಹುಡುಕಲು ಶುರು ಮಾಡಿದೆ. ಆಗ ಗೊತ್ತಾಯಿತು, ಹೆಂಡತಿಗೆ ಬಂದ ಗಾಡಿಗೆ ಆ ರಿಕವರಿಯೇ ಇರಬಾರದಿತ್ತು. ಅಮ್ಮ ಆ ಗಾಡಿಯನ್ನು ಅಪ್ಪನ ನೆನಪಿಗೆಂದು ಇಟ್ಟುಕೊಂಡಿದ್ದರು. ಅಪ್ಪ ಇಷ್ಟು ವರ್ಷ ಜೋಪಾನವಾಗಿ ಓಡಿಸಿ ಗಳಿಸಿದ್ದು ಹೀಗೆ ಒಂದು ತಪ್ಪು ನಮೂದಿನಿಂದ ಹೋಯಿತಲ್ಲ ಎಂಬ ನೋವು ನನಗೆ ಇವತ್ತಿಗೂ ಇದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ಹಾಗಾಗಿ ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ: ಇದು ಮಾಲೀಕರ ಮರಣದಿಂದ ಆಗುವ ವರ್ಗಾವಣೆ, ನಾನು ಅವರ ಮಗ ಅಥವಾ ಮಗಳು ಅಥವಾ ಹೆಂಡತಿ, ಟ್ಯಾರಿಫ್‌ನ 27ನೇ ಸಾಮಾನ್ಯ ನಿಯಮದ ಪ್ರಕಾರ ಅವರ ಬೋನಸ್ ನನಗೆ ಮುಂದುವರಿಯಬೇಕು. ಎಂಡಾರ್ಸ್‌ಮೆಂಟ್ ಕೈಗೆ ಬಂದ ಕೂಡಲೇ ಎರಡು ಕಡೆ ನೋಡಿ. ವಿಮೆ ಮಾಡಿಸಿದವರ ಹೆಸರು ನಿಮ್ಮದೇ? ಬೋನಸ್ ಶೇಕಡಾ ಮೊದಲಿದ್ದಷ್ಟೇ ಇದೆಯೇ? ಹೆಚ್ಚುವರಿ ಪ್ರೀಮಿಯಂ ಎಂದು ದೊಡ್ಡ ಮೊತ್ತ ತೋರಿಸಿದ್ದರೆ ಅಲ್ಲಿ ರಿಕವರಿ ನಡೆದಿದೆ ಎಂದೇ ಅರ್ಥ. ಹೆಸರು ಬದಲಾವಣೆಗೆ ಸಣ್ಣ ಶುಲ್ಕ ಮಾತ್ರ ಇರುತ್ತದೆ.

ಒಪ್ಪದಿದ್ದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಅಲ್ಲೂ ಆಗದಿದ್ದರೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್ ಇದೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಒಂಬುಡ್ಸ್‌ಮನ್ ಹತ್ತಿರ ಹೋಗಲು ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಬೇರೆ ಕಂಪನಿಗೆ ಹೋಗಿ ಹೊಸ ಪಾಲಿಸಿ ಮಾಡಿಸುವವರಿಗೂ ಒಂದು ಮಾತು. ಅಲ್ಲಿ ಬೋನಸ್ ಎಷ್ಟಿದೆ ಎಂದು ನೀವೇ ಘೋಷಣೆ ಮಾಡಬೇಕಾಗುತ್ತದೆ. ಅದು ತಪ್ಪಾಗಿದ್ದರೆ ಓನ್ ಡ್ಯಾಮೇಜ್ ಭಾಗದ ಲಾಭವೇ ಹೋಗುತ್ತದೆ. ತಮ್ಮನೋ ಮೊಮ್ಮಗನೋ ಪಟ್ಟಿಯಲ್ಲಿ ಇಲ್ಲದಿದ್ದರೂ ಸುಮ್ನೆ 50 ಎಂದು ಬರೆದರೆ ಇದೇ ಗತಿ. ತಂದೆ ಅದೇ ವರ್ಷ ಒಂದು ಸಣ್ಣ ಕ್ಲೇಮ್ ಮಾಡಿ ಮನೆಯಲ್ಲಿ ಹೇಳದೆ ಇದ್ದಿರಬಹುದು. ಹಾಗಾಗಿ ಹಳೆಯ ಕಂಪನಿಯಿಂದ ಬೋನಸ್ ದೃಢೀಕರಣ ಪತ್ರ ತರಿಸಿಕೊಂಡೇ ಘೋಷಿಸಿ.

ಹೆಸರು ಬದಲಾಗದಿದ್ದರೆ ಬೋನಸ್ಸಿಗಿಂತ ದೊಡ್ಡದು ಹೋಗುತ್ತದೆ

ಪಾಲಿಸಿಯಲ್ಲಿ ಮಾಲೀಕ ಚಾಲಕರ ವೈಯಕ್ತಿಕ ಅಪಘಾತ ವಿಮೆ ಎಂದು ಒಂದು ಸಾಲು ಇರುತ್ತದೆ. ಮೊತ್ತ 15 ಲಕ್ಷ ರೂಪಾಯಿ. ಗಾಡಿ ಓಡಿಸುವಾಗ ಮಾಲೀಕರು ಅಪಘಾತದಲ್ಲಿ ತೀರಿಕೊಂಡರೆ ನಾಮಿನಿಗೆ ಈ ಹಣ ಬರುತ್ತದೆ. ಆದರೆ ಇದಕ್ಕೆ ಮೂರು ಷರತ್ತು ಇವೆ. ಓಡಿಸುವವರೇ ಗಾಡಿಯ ನೋಂದಾಯಿತ ಮಾಲೀಕರಾಗಿರಬೇಕು, ಪಾಲಿಸಿಯಲ್ಲಿ ಅವರ ಹೆಸರೇ ಇರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ತಂದೆಯ ಹೆಸರಿನಲ್ಲೇ ಆರ್‌ಸಿ, ತಂದೆಯ ಹೆಸರಿನಲ್ಲೇ ಪಾಲಿಸಿ ಇಟ್ಟುಕೊಂಡು ಮಗ ವರ್ಷಗಟ್ಟಲೆ ಬೈಕ್ ಓಡಿಸುತ್ತಾನೆ. ಪ್ರತಿ ವರ್ಷ ಆ 15 ಲಕ್ಷದ ವಿಮೆಗೆ ಪ್ರೀಮಿಯಂ ಕಟ್ಟುತ್ತಾನೆ. ಅದು ಬದುಕಿಲ್ಲದವರ ಜೀವಕ್ಕೆ ಕಟ್ಟುತ್ತಿರುವ ಹಣ. ಮಗನಿಗೆ ಏನಾದರೂ ಆದರೆ ಅವನ ಹೆಂಡತಿ ಮಕ್ಕಳಿಗೆ ಅದರಿಂದ ಒಂದು ರೂಪಾಯಿಯೂ ಸಿಗುವುದು ಕಷ್ಟ. ಗಾಡಿ ನನ್ನ ಗಂಡನ ಹೆಸರಿನಲ್ಲಿ ಇರಲಿಲ್ಲ, ಆದ್ದರಿಂದ ಥರ್ಡ್ ಪಾರ್ಟಿ ಎಂದು ಪರಿಹಾರ ಕೊಡಿ ಎನ್ನಲು ಹೋದರೂ ದಾರಿ ಮುಚ್ಚಿದೆ. 2009ರಲ್ಲಿ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ, ಬೇರೆಯವರ ಬೈಕ್ ತೆಗೆದುಕೊಂಡು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಅವನ ಮನೆಯವರು ಅದೇ ಗಾಡಿಯ ವಿಮೆಯಿಂದ ಮೂರನೆಯವರಂತೆ ಪರಿಹಾರ ಕೇಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ತಪ್ಪು ಎದುರಿನ ಗಾಡಿಯದ್ದಾಗಿದ್ದರೆ ಅದರ ವಿಮೆಯಿಂದ ಕೇಳಬಹುದು. ತಾನೇ ಜಾರಿ ಬಿದ್ದಿದ್ದರೆ ಕೇಳಲು ಯಾರೂ ಇಲ್ಲ. ಆರ್‌ಸಿ ಮತ್ತು ಪಾಲಿಸಿ ಎರಡೂ ಮಗನ ಹೆಸರಿಗೆ ಬಂದಿದ್ದರೆ ಆ 15 ಲಕ್ಷ ಆ ಮನೆಗೆ ಬರುತ್ತಿತ್ತು.

ಇದೇ ಸಾಲನ್ನು ಇನ್ನೊಂದು ಕಾರಣಕ್ಕೂ ನೋಡಬೇಕು. ಮನೆಯವರು ತೀರಿಕೊಂಡದ್ದೇ ತಮ್ಮ ಗಾಡಿ ಓಡಿಸುವಾಗ ಆದ ಅಪಘಾತದಲ್ಲಾದರೆ, ಹೆಸರು ಬದಲಾವಣೆಯ ಅರ್ಜಿಗಿಂತ ಮೊದಲು ಈ 15 ಲಕ್ಷದ ಕ್ಲೇಮ್ ಹಾಕಬೇಕು. ಎಷ್ಟೋ ಮನೆಗಳಲ್ಲಿ ಗಾಡಿ ರಿಪೇರಿಗೆ ಕ್ಲೇಮ್ ಹಾಕಿರುತ್ತಾರೆ, ಇದನ್ನು ಕೇಳಿಯೇ ಇರುವುದಿಲ್ಲ. ರಿಪೇರಿಯ ಕ್ಲೇಮ್ ಪಡೆದರೆ ಮುಂದಿನ ನವೀಕರಣದಲ್ಲಿ ಬೋನಸ್ ಹೋಗುತ್ತದೆ, ಆಗ ವಾರಸುದಾರರಿಗೆ ದಾಟಲು ಏನೂ ಉಳಿಯುವುದಿಲ್ಲ. ಗಾಡಿಗೆ ಆದ ಹಾನಿ ನಾಲ್ಕೈದು ಸಾವಿರದ್ದಾದರೆ ಅದನ್ನು ಕೈಯಿಂದ ಹಾಕಿ ಬೋನಸ್ ಉಳಿಸಿಕೊಳ್ಳುವುದು ಲಾಭ. ಮೇಲಿನ 125 ಶೇಕಡಾ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದು ವರ್ಷದ ಪೂರ್ತಿ ಓನ್ ಡ್ಯಾಮೇಜ್ ಪ್ರೀಮಿಯಂ ಮತ್ತು ಅದರ ಕಾಲು ಭಾಗ ಕೂಡಿಸಿ, ರಿಪೇರಿ ಅದಕ್ಕಿಂತ ಕಡಿಮೆ ಇದ್ದರೆ ಕ್ಲೇಮ್ ಬೇಡ.

ಗಾಡಿ ಯಾರಿಗೂ ಬೇಡ, ಮಾರಿಬಿಡೋಣ ಎನ್ನುವ ಮನೆಯವರೂ ಇದ್ದಾರೆ. ಅವರಿಗೂ ಮೊದಲು ಒಬ್ಬರ ಹೆಸರಿಗೆ ಆರ್‌ಸಿ ಮತ್ತು ಪಾಲಿಸಿ ತಂದುಕೊಂಡು ಆಮೇಲೆ ಮಾರುವುದೇ ಸರಿಯಾದ ದಾರಿ. ಹಾಗೆ ಮಾಡಿದರೆ ಬೋನಸ್ ಆ ವ್ಯಕ್ತಿಗೆ ದಾಟಿರುತ್ತದೆ. ಮಾರಿದ ಮೇಲೆ ಕಂಪನಿಯಿಂದ ಬೋನಸ್ ಪ್ರಮಾಣಪತ್ರ ಪಡೆದು, ಮೂರು ವರ್ಷದೊಳಗೆ ಅದೇ ವರ್ಗದ ಬೇರೆ ಗಾಡಿ ಕೊಂಡಾಗ ಬಳಸಬಹುದು. ಕಾರಿನಲ್ಲಿ ಬಂದದ್ದು ಕಾರಿಗೆ, ಬೈಕಿನಲ್ಲಿ ಬಂದದ್ದು ಬೈಕಿಗೆ. ತೀರಿಕೊಂಡವರ ಹೆಸರಿನಲ್ಲೇ ಖಾಲಿ ಫಾರ್ಮ್‌ಗೆ ಯಾರದೋ ಸಹಿ ಹಾಕಿಸಿ ಮಾರಿದರೆ ಬೋನಸ್ ಹೋಗುವುದಷ್ಟೇ ಅಲ್ಲ, ಆ ಗಾಡಿ ನಾಳೆ ಅಪಘಾತ ಮಾಡಿದಾಗ ನೋಟಿಸ್ ಬರುವುದು ಆರ್‌ಸಿಯಲ್ಲಿರುವ ವಿಳಾಸಕ್ಕೆ, ಅಂದರೆ ಆ ಮನೆಗೇ.

ಬದುಕಿರುವಾಗಲೇ ಮಾಡಬಹುದಾದ ಒಂದು ಸುಲಭದ ಕೆಲಸವೂ ಇದೆ. 2021ರ ತಿದ್ದುಪಡಿಯಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಸೇರಿಸಲು ಅವಕಾಶ ಬಂದಿದೆ. ಪರಿವಾಹನ್ ಪೋರ್ಟಲ್‌ನಲ್ಲಿ ಇದನ್ನು ಮಾಡಿಸಬಹುದು. ನಾಮಿನಿ ಇದ್ದರೆ ಆರ್‌ಟಿಒದಲ್ಲಿ ವಾರಸುದಾರರ ಕಾಗದಗಳ ಓಡಾಟ ಕಡಿಮೆಯಾಗುತ್ತದೆ, ಏಪ್ರಿಲ್ 5ರಂತಹ ಗಡುವಿನೊಳಗೆ ಆರ್‌ಸಿ ಕೈಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಆ ಹೆಸರನ್ನು ಹಾಕುವಾಗ ಮಾತ್ರ ಬೋನಸ್ ದಾಟುವ ಪಟ್ಟಿ ನೆನಪಿರಲಿ. ತಮ್ಮನ ಅಥವಾ ಸೊಸೆಯ ಹೆಸರು ಹಾಕಿದರೆ ಗಾಡಿ ಸುಲಭವಾಗಿ ಅವರಿಗೆ ಹೋಗುತ್ತದೆ, ಬೋನಸ್ ಹೋಗುವುದಿಲ್ಲ. ಸಂಗಾತಿ, ಮಗ, ಮಗಳು, ತಂದೆ, ತಾಯಿ, ಇವರಲ್ಲಿ ಗಾಡಿಯನ್ನು ನಿಜವಾಗಿ ಓಡಿಸುವವರ ಹೆಸರು ಅಲ್ಲಿರಲಿ.